ಹೆಡಿಂಗ್, ಮ್ಯಾಟರ್, ಕ್ಯಾಪ್ಷನ್ ಬೇರೆ ಬೇರೆಯಾಗಿ ಕಾಣಬೇಕಾದರೆ: ಬೇಲೂರಿನ ಒಂದು ಪುಟ ಕಟ್ಟುತ್ತಾ ಕಲಿಯೋಣ

ಬೇಲೂರು ನೋಡಲು ಬರುವವರ ಕೈಗೆ ಕೊಡೋಣ ಅಂತ ನಾವು ನಾಲ್ಕು ಜನ ಸೇರಿ ಒಂದು ಪುಟ್ಟ ಪುಸ್ತಿಕೆ ಮಾಡಿದೆವು. ಎ5 ಅಳತೆ, 16 ಪುಟ. ಮೊದಲ ಪ್ರೂಫನ್ನು ಹಾಸನದಲ್ಲಿ ಪ್ರಿಂಟ್ ತೆಗೆಸಿ ಮನೆಗೆ ತಂದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರಿಗೆ ಏನು ಓದಿದರೂ ಜೋರಾಗಿ ಓದುವ ಅಭ್ಯಾಸ. ಕಾಫಿ ಲೋಟ ಪಕ್ಕಕ್ಕಿಟ್ಟು ಓದಲು ಶುರು ಮಾಡಿದರು. "ಕನ್ನಡಿ ಹಿಡಿದ ಮದನಿಕೆ ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ..." ಅಲ್ಲಿಗೆ ನಿಂತರು. "ಇದೇನಪ್ಪಾ, ಮದನಿಕೆಗೂ ವಿಷ್ಣುವರ್ಧನನಿಗೂ ಏನು ಹೇಳ್ತಿದೀಯಾ ಇಲ್ಲಿ?" ಎಂದು ಕೇಳಿದರು.

ಬರಹದಲ್ಲಿ ತಪ್ಪಿರಲಿಲ್ಲ. ಮೊದಲ ಮೂರು ಪದ ಚಿತ್ರದ ಕೆಳಗಿನ ಕ್ಯಾಪ್ಷನ್, ಆಮೇಲಿನದು ಮ್ಯಾಟರ್. ಎರಡಕ್ಕೂ ಒಂದೇ ಫಾಂಟ್, ಒಂದೇ 11 ಪಾಯಿಂಟ್, ಮಧ್ಯೆ ಜಾಗವೇ ಇರಲಿಲ್ಲ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಪುಟ ಅವರಿಗೆ ಹೇಳಲೇ ಇಲ್ಲ. ಆ ಒಂದು ಪುಟವನ್ನು ಮತ್ತೆ ಹೇಗೆ ಕಟ್ಟಿದೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ನಾನು ಬಳಸಿದ್ದು ಲಿಬ್ರೆಆಫೀಸ್ ರೈಟರ್. ಅದು ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ವರ್ಡ್ ಬಳಸುವವರಿಗೂ ಅಲ್ಲಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲು ಅಕ್ಷರವನ್ನೇ ನೋಡಿ

ಡಿಸೈನ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಕ್ಕೆ ಹೇಳಿದವು. ಹೆಡಿಂಗನ್ನು ಕ್ಯಾಪಿಟಲ್‌ನಲ್ಲಿ ಹಾಕಿ, ಕ್ಯಾಪ್ಷನ್ನನ್ನು ಇಟಾಲಿಕ್ ಮಾಡಿ, ಸಾಲಿನ ಅಂತರ 1.2 ಇಡಿ ಅಂತ ಇರುತ್ತದೆ. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಇಟಾಲಿಕ್ ಕೂಡ ಕನ್ನಡದ ರೂಢಿಯಲ್ಲ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಅದು ಇರುವುದೂ ಇಲ್ಲ, ನೀವು ಒತ್ತಿದರೆ ಸಾಫ್ಟ್‌ವೇರ್ ಇದ್ದ ಅಕ್ಷರವನ್ನೇ ಹಿಡಿದು ಓರೆ ಮಾಡುತ್ತದೆ, ದುಂಡಗಿನ ಅಕ್ಷರ ವಾಲಿ ನಿಂತ ಹಾಗೆ ಕಾಣುತ್ತದೆ. ಹಾಗಾಗಿ ಹೆಡಿಂಗ್ ದೊಡ್ಡದು, ಕ್ಯಾಪ್ಷನ್ ಚಿಕ್ಕದು ಅಂತ ತೋರಿಸಲು ನಮ್ಮ ಕೈಯಲ್ಲಿ ಉಳಿಯುವುದು ಅಳತೆ, ದಪ್ಪ, ಸುತ್ತಲಿನ ಖಾಲಿ ಜಾಗ, ಇಷ್ಟೇ. ಇಷ್ಟೇ ಸಾಕು ಕೂಡ.

ಇನ್ನೊಂದು, ಒತ್ತಕ್ಷರ. ನಮ್ಮ ಅಕ್ಷರ ಸಾಲಿನ ಕೆಳಗೂ ಇಳಿಯುತ್ತದೆ, ಗುಡಿಸು ಹಾಕಿದರೆ ಮೇಲೂ ಏರುತ್ತದೆ. ಬೇಲೂರಿನ ಪುಟದಲ್ಲೇ ನೋಡಿ, ವಿಷ್ಣುವರ್ಧನ, ಹೊಯ್ಸಳ, ಚೆನ್ನಕೇಶವ, ಪ್ರತಿಷ್ಠೆ, ಎಲ್ಲದರಲ್ಲೂ ಒತ್ತು. ಪಕ್ಕದ ಹಲ್ಮಿಡಿಯ ಹೆಸರಲ್ಲೂ ಲಕಾರದ ಕೆಳಗೆ ಮಕಾರ ನೇತಾಡುತ್ತಿದೆ. ರಾಷ್ಟ್ರ, ಲಕ್ಷ್ಮೀ ತರಹದ ಪದದಲ್ಲಿ ಎರಡೆರಡು ಒತ್ತು. ಇಂಗ್ಲಿಷಿಗೆ ಹೇಳಿದ 1.2 ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದಕ್ಕೇ ನಾನು ಪುಟದ ಕೆಲಸವನ್ನು ಹೆಡಿಂಗ್‌ನಿಂದ ಶುರು ಮಾಡುವುದಿಲ್ಲ. ಮ್ಯಾಟರಿನ ಸಾಲಿನ ಅಂತರ ಮೊದಲು ನಿಲ್ಲಬೇಕು, ಉಳಿದ ಅಳತೆಗಳೆಲ್ಲ ಅದರಿಂದ ಹುಟ್ಟುತ್ತವೆ.

ಸಾಲಿನ ಅಂತರ ಕಂಡುಹಿಡಿಯುವುದು

ಖಾಲಿ ಪುಟದಲ್ಲಿ ಈ ಎರಡು ಸಾಲು ಟೈಪ್ ಮಾಡಿ. ಮೇಲಿನದು ಆಳಕ್ಕೆ ಇಳಿಯುವ ಪದಗಳು, ಕೆಳಗಿನದು ಎತ್ತರಕ್ಕೆ ಏರುವ ಪದಗಳು.

ರಾಷ್ಟ್ರ ಲಕ್ಷ್ಮೀ ವಿಷ್ಣು ಸ್ತ್ರೀ ಜ್ಯೋತ್ಸ್ನೆ ಶಾಸ್ತ್ರ

ಕೀರ್ತಿ ನೀತಿ ಹಿರಿಯ ಗಿರಿ ಚಿತ್ರಿಸಿ ತಿಳಿಸಿ

ನಿಮ್ಮ ಫಾಂಟ್ ಹಾಕಿ, ಅಳತೆ 11 ಪಾಯಿಂಟ್ ಇಡಿ. ನಾನು ಆರಿಸಿದ್ದು ನೋಟೋ ಸೆರಿಫ್ ಕನ್ನಡ. ಆಮೇಲೆ ಸಾಲಿನ ಅಂತರವನ್ನು 14, 15, 16, 17, 18 ಪಾಯಿಂಟ್ ಅಂತ ಬದಲಿಸುತ್ತಾ ಐದು ಸಲ ಪ್ರಿಂಟ್ ಮಾಡಿ. ಸ್ಕ್ರೀನ್ ಮೇಲೆ ತೀರ್ಮಾನ ಮಾಡಬೇಡಿ, ಅಲ್ಲಿ ಜೂಮ್ ಮಾಡಿದಾಗ ಎಲ್ಲ ಅಂತರವೂ ಚೆನ್ನಾಗಿಯೇ ಕಾಣುತ್ತದೆ. ನನ್ನ ಕಾಗದದಲ್ಲಿ 14ಕ್ಕೆ ಸಾಲುಗಳು ಒಂದಕ್ಕೊಂದು ಉಜ್ಜಿಕೊಂಡ ಹಾಗಿದ್ದವು. 15ಕ್ಕೆ ತಾಗುತ್ತಿರಲಿಲ್ಲ, ಆದರೆ ಒತ್ತು ಯಾವ ಸಾಲಿಗೆ ಸೇರಿದ್ದು ಅಂತ ಕಣ್ಣು ಒಂದು ಕ್ಷಣ ಹುಡುಕುತ್ತಿತ್ತು. 17ಕ್ಕೆ ಬಂದಾಗ ಎರಡು ಸಾಲಿನ ಮಧ್ಯೆ ಒಂದು ಬಿಳಿ ಪಟ್ಟಿ ತಡೆಯಿಲ್ಲದೆ ಎಡದಿಂದ ಬಲಕ್ಕೆ ಹರಿಯಿತು. ಗುರುತು ಅದೇ. ಆ ಬಿಳಿ ಪಟ್ಟಿ ಮೊದಲ ಸಲ ಕಾಣಿಸುವ ಅಂತರವೇ ನಿಮ್ಮ ಅಂತರ. 11ಕ್ಕೆ 17 ಅಂದರೆ ಸುಮಾರು ಒಂದೂವರೆ ಪಟ್ಟು. ಅದಕ್ಕಿಂತ ತುಂಬಾ ಜಾಸ್ತಿ ಮಾಡಿದರೆ ಪ್ರತಿ ಸಾಲೂ ಬೇರೆ ಬೇರೆ ತೇಲುತ್ತದೆ, ಪ್ಯಾರಾ ಒಂದು ಗುಂಪಾಗಿ ಕಾಣುವುದಿಲ್ಲ.

ಇಲ್ಲಿ `1.5 Lines` ಅಂತ ಸುಮ್ನೆ ಒತ್ತಿ ಬಿಡಬೇಡಿ. ಆ ಲೆಕ್ಕ ಫಾಂಟ್ ಒಳಗೆ ಮೊದಲೇ ಇಟ್ಟಿರುವ ಎತ್ತರದ ಮೇಲೆ ನಡೆಯುತ್ತದೆ, ಆ ಎತ್ತರ ಒಂದೊಂದು ಫಾಂಟಿಗೆ ಒಂದೊಂದು. ಹಾಗಾಗಿ ಅದೇ 11 ಪಾಯಿಂಟ್, ಅದೇ ಒಂದೂವರೆ, ಫಾಂಟ್ ಬದಲಿಸಿದ ತಕ್ಷಣ ಪುಟ ಉದ್ದವಾಗಿಬಿಡುತ್ತದೆ. ಪಾಯಿಂಟ್ ಲೆಕ್ಕದಲ್ಲೇ ಕೊಡಿ. ಲಿಬ್ರೆಆಫೀಸ್‌ನಲ್ಲಿ ಅದಕ್ಕೆ `Fixed` ಅನ್ನುತ್ತಾರೆ, ವರ್ಡ್‌ನಲ್ಲಿ `Exactly`. ಅಂತರ ತೀರಾ ಕಡಿಮೆ ಕೊಟ್ಟರೆ ವರ್ಡ್ ಅಕ್ಷರದ ತಲೆಯನ್ನೇ ಕತ್ತರಿಸುತ್ತದೆ. ಗುಡಿಸು ಅರ್ಧ ಕಂಡರೆ ಫಾಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅಂತರ ಸಾಲದು ಅಂತ ಅರ್ಥ.

ಸ್ಟೈಲ್‌ನಲ್ಲೇ ಕೂರಿಸಿ, ಕೈಯಲ್ಲಿ ಅಲ್ಲ

ಮ್ಯಾಟರನ್ನು ಸೆಲೆಕ್ಟ್ ಮಾಡಿ ಅಳತೆ ಬದಲಿಸುತ್ತಾ ಹೋದರೆ ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಒಂದು ಸಬ್‌ಹೆಡಿಂಗ್ 13, ಇನ್ನೊಂದು 14 ಆಗಿರುತ್ತದೆ. ಸ್ಟೈಲ್ ಮಾಡಿಟ್ಟರೆ ಒಂದು ಕಡೆ ಬದಲಿಸಿದ್ದು ಎಲ್ಲ ಕಡೆ ಬದಲಾಗುತ್ತದೆ.

ಲಿಬ್ರೆಆಫೀಸ್‌ನಲ್ಲಿ ಮೊದಲು `Tools` ಒಳಗೆ `Options`, ಅಲ್ಲಿ ಭಾಷೆಗಳ ಭಾಗಕ್ಕೆ ಹೋಗಿ `Complex text layout` ಆನ್ ಮಾಡಿ `Kannada` ಆರಿಸಿ. ಆಮೇಲೆ `F11` ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ. ಮ್ಯಾಟರಿನ ಸ್ಟೈಲ್ ಹೆಸರು ಹಳೆಯ ಆವೃತ್ತಿಯಲ್ಲಿ `Text Body`, ಹೊಸದರಲ್ಲಿ `Body Text`. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ತೆರೆಯಿರಿ.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ, ನಾನೂ ಒಂದು ಸಂಜೆ ಪೂರ್ತಿ ಕಳೆದದ್ದು ಇಲ್ಲೇ. ಫಾಂಟ್ ಟ್ಯಾಬ್‌ನಲ್ಲಿ ಎರಡು ಬೇರೆ ಬೇರೆ ಜಾಗ ಇರುತ್ತದೆ, ಒಂದು `Western`, ಇನ್ನೊಂದು `CTL` ಅಥವಾ `Complex`. ಕಣ್ಣಿಗೆ ಮೊದಲು ಬೀಳುವುದು `Western`. ಅಲ್ಲಿ 11 ಅಂತ ಹಾಕಿ ಓಕೆ ಒತ್ತಿದರೆ ಕನ್ನಡ ಅಕ್ಷರ ಒಂದು ಕೂದಲಷ್ಟೂ ಅಲ್ಲಾಡುವುದಿಲ್ಲ, ಏಕೆಂದರೆ ಕನ್ನಡಕ್ಕೆ ಸೇರಿದ್ದು ಎರಡನೆಯದು. ಎರಡೂ ಕಡೆ ಅದೇ ಅಳತೆ ಹಾಕಿ. ಒಂದು ಕಡೆ ಬಿಟ್ಟರೆ ಮಧ್ಯೆ ಬರುವ ಇಂಗ್ಲಿಷ್ ಪದ ಒಂದು ಅಳತೆ, ಕನ್ನಡ ಇನ್ನೊಂದು ಅಳತೆ ಆಗುತ್ತದೆ.

ಆಮೇಲೆ `Indents & Spacing` ಟ್ಯಾಬ್‌ನಲ್ಲಿ ಸಾಲಿನ ಅಂತರ `Fixed`, 17 pt, ಪ್ಯಾರಾದ ಮೇಲೆ ಕೆಳಗೆ ಜಾಗ 0. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಮ್ಯಾಟರ್ ಇದ್ದರೆ ಮೊದಲು ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಅದನ್ನು ಸಾಫ್ಟ್‌ವೇರ್ ಇಂಗ್ಲಿಷ್ ಅಂತಲೇ ಓದುತ್ತದೆ, ಮೇಲೆ ಹೇಳಿದ್ದೆಲ್ಲ ಉಲ್ಟಾ ಆಗುತ್ತದೆ.

ಅಲೈನ್‌ಮೆಂಟ್: ಎಡಕ್ಕೇ ಇರಲಿ

ನಮ್ಮ ಕಡೆ ಎರಡು ಅಭ್ಯಾಸ ಇದೆ. ಮ್ಯಾಟರನ್ನು ಜಸ್ಟಿಫೈ ಮಾಡುವುದು, ಹೆಡಿಂಗನ್ನು ಮಧ್ಯಕ್ಕೆ ತರುವುದು. ಎರಡನೆಯದು ಬಹುಶಃ ಲಗ್ನಪತ್ರಿಕೆಯಿಂದ ಬಂದದ್ದು. ಪತ್ರಿಕೆಯಲ್ಲಿ ಅದು ಚೆಂದ, ಅಲ್ಲಿ ಸಾಲುಗಳೇ ಕಡಿಮೆ. ಓದುವ ಪುಟದಲ್ಲಿ ಹಾಗಲ್ಲ.

ಜಸ್ಟಿಫೈ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪುಟದ್ದೇ ಒಂದು ಸಾಲು ಹೇಳುತ್ತೇನೆ. ಎ5 ಕಾಗದ 148 ಮಿ.ಮೀ. ಅಗಲ. ಒಳಗಡೆ 18, ಹೊರಗಡೆ 15 ಮಾರ್ಜಿನ್ ಬಿಟ್ಟರೆ ಮ್ಯಾಟರಿಗೆ 115 ಮಿ.ಮೀ. ಉಳಿಯುತ್ತದೆ. ಅದರಲ್ಲಿ ಸುಮಾರು ಆರೇಳು ಪದ ಹಿಡಿಸುತ್ತವೆ. ಸಾಲಿನ ಕೊನೆಗೆ "ಕೆತ್ತಿಸಲಾಗಿದೆಯೆಂದು" ಬಂತು ಅಂದುಕೊಳ್ಳಿ. ವಿಭಕ್ತಿ, ಪ್ರತ್ಯಯ ಎಲ್ಲ ಸೇರಿ ನಮ್ಮ ಪದಗಳು ಇಷ್ಟುದ್ದ ಆಗುತ್ತವೆ. ಅದು ಹಿಡಿಸಲಿಲ್ಲ ಅಂದರೆ ಇಡೀ ಪದ ಕೆಳಗಿಳಿಯುತ್ತದೆ. ಮೇಲೆ ಉಳಿದ ಐದು ಪದಗಳನ್ನು ಸಾಫ್ಟ್‌ವೇರ್ ಎಳೆದು ಎಳೆದು ಎರಡೂ ಅಂಚಿಗೆ ಮುಟ್ಟಿಸುತ್ತದೆ. ಪದಗಳ ಮಧ್ಯೆ ಬೆರಳು ತೂರುವಷ್ಟು ಸಂದಿ. ಎರಡು ಮೂರು ಸಾಲಿನಲ್ಲಿ ಹೀಗೇ ಆದರೆ ಆ ಸಂದಿಗಳು ಒಂದರ ಕೆಳಗೊಂದು ಸೇರಿ ಪ್ಯಾರಾದೊಳಗೆ ಬಿಳಿ ಕಾಲುವೆ ಹರಿದ ಹಾಗೆ ಕಾಣುತ್ತದೆ. ಪದಗಳ ಮಧ್ಯದ ಸಂದಿ ಸಾಲುಗಳ ಮಧ್ಯದ ಸಂದಿಗಿಂತ ದೊಡ್ಡದಾದರೆ ಕಣ್ಣು ಅಡ್ಡ ಹೋಗುವ ಬದಲು ಕೆಳಗೆ ಜಾರುತ್ತದೆ.

ಎಡಕ್ಕೆ ಅಲೈನ್ ಮಾಡಿದರೆ ಬಲಗಡೆ ಅಂಚು ಏರುಪೇರಾಗುತ್ತದೆ, ಆಗಲಿ. ಪದಗಳ ಅಂತರ ಎಲ್ಲ ಸಾಲಿನಲ್ಲೂ ಒಂದೇ ಇರುತ್ತದೆ. ಏರುಪೇರು ತೀರಾ ಜಾಸ್ತಿ ಅನಿಸಿದರೆ ಒಂದು ಪದ ಬದಲಿಸಿ, ಇಲ್ಲವೇ ವಾಕ್ಯ ತುಂಡು ಮಾಡಿ. ನಾವೇ ಬರೆದ ಮ್ಯಾಟರ್ ಆದ್ದರಿಂದ ನಾನು ಹಾಗೇ ಮಾಡಿದೆ. ಬೇರೆಯವರ ಬರಹವಾದರೆ ಅವರನ್ನು ಕೇಳಿಯೇ ಮುಟ್ಟಿ.

ಹೆಡಿಂಗ್, ಸಬ್‌ಹೆಡಿಂಗ್, ಕ್ಯಾಪ್ಷನ್ ಎಲ್ಲವೂ ಅದೇ ಎಡ ಅಂಚಿನಿಂದಲೇ ಶುರುವಾಗಲಿ. ಆಗ ಎಡಗಡೆ ಒಂದು ನೇರ ಗೆರೆ ತಾನಾಗಿ ಮೂಡುತ್ತದೆ. ಹೆಡಿಂಗ್ ಹುಡುಕುವವರು ಆ ಗೆರೆಯ ಮೇಲೇ ಕಣ್ಣಾಡಿಸಿದರೆ ಸಾಕು.

ಯಾರು ಹಿರಿಯರು, ಯಾರು ಕಿರಿಯರು

ಈಗ ನಾಲ್ಕು ಸ್ಟೈಲ್ ಮಾಡೋಣ. ಮ್ಯಾಟರ್ ಆಗಲೇ ಆಯಿತು, 11 ಪಾಯಿಂಟ್, 17ರ ಅಂತರ, ಸಾಧಾರಣ ದಪ್ಪ.

ಹೆಡಿಂಗ್‌ಗೆ `Heading 1`. ಅಳತೆ 20, ಬೋಲ್ಡ್, ಸಾಲಿನ ಅಂತರ 28, ಮೇಲೆ 0, ಕೆಳಗೆ 23 ಪಾಯಿಂಟ್ ಜಾಗ. ಅಕ್ಷರ ದೊಡ್ಡದಾದಂತೆ ಅಂತರದ ಅನುಪಾತ ಕಡಿಮೆ ಮಾಡಬಹುದು, ಇಲ್ಲಿ 1.4 ಪಟ್ಟು ಇದೆ. ಮ್ಯಾಟರಿನ ಒಂದೂವರೆ ಪಟ್ಟನ್ನೇ ಇಲ್ಲೂ ಇಟ್ಟರೆ ಎರಡು ಸಾಲಿನ ಹೆಡಿಂಗ್ ಎರಡು ಬೇರೆ ಹೆಡಿಂಗ್‌ಗಳ ಹಾಗೆ ಕಾಣುತ್ತದೆ. ಆದರೆ 1.2ಕ್ಕೆ ಇಳಿಸಿದರೆ ಮತ್ತೆ ಒತ್ತು ತಾಗುತ್ತದೆ.

ಸಬ್‌ಹೆಡಿಂಗ್‌ಗೆ `Heading 2`. ಅಳತೆ 13, ಬೋಲ್ಡ್, ಸಾಲಿನ ಅಂತರ 17. ಮೇಲೆ 12 ಪಾಯಿಂಟ್ ಜಾಗ, ಕೆಳಗೆ 5. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ, ಪುಟದ ಅರ್ಧ ಗೊಂದಲ ಇಲ್ಲೇ ಹುಟ್ಟುವುದು. ಮೇಲೆ ಕೆಳಗೆ ಎರಡೂ ಕಡೆ ಒಂದೇ ಜಾಗ ಬಿಟ್ಟರೆ ಸಬ್‌ಹೆಡಿಂಗ್ ಮೇಲಿನ ಪ್ಯಾರಾಕ್ಕೆ ಸೇರಿದ್ದೋ ಕೆಳಗಿನದಕ್ಕೋ ಗೊತ್ತಾಗುವುದಿಲ್ಲ. ಯಾವುದಕ್ಕೆ ಸೇರಿದೆಯೋ ಅದರ ಹತ್ತಿರ ಇರಬೇಕು. ಮೇಲಿನ ಜಾಗ ಕೆಳಗಿನದರ ಎರಡು ಪಟ್ಟಿಗಿಂತ ಜಾಸ್ತಿ ಇಟ್ಟರೆ ಸಂದೇಹವೇ ಬರುವುದಿಲ್ಲ. ಇನ್ನೊಂದು ಲಾಭ ಇದೆ, 12, 17, 5 ಕೂಡಿದರೆ 34, ಅಂದರೆ ಸರಿಯಾಗಿ ಮ್ಯಾಟರಿನ ಎರಡು ಸಾಲು. ಹೀಗೆ ಮಾಡಿದರೆ ಸಬ್‌ಹೆಡಿಂಗ್ ಆದ ಮೇಲೂ ಮ್ಯಾಟರ್ ಎದುರಿನ ಪುಟದ ಸಾಲಿಗೆ ಸರಿಯಾಗಿ ಕೂರುತ್ತದೆ. ತೆಳು ಕಾಗದವಾದರೆ ಹಿಂದಿನ ಪುಟದ ಸಾಲು ಈ ಪುಟದ ಸಾಲುಗಳ ಮಧ್ಯೆ ಇಣುಕುವುದೂ ತಪ್ಪುತ್ತದೆ.

`Text Flow` ಟ್ಯಾಬ್‌ನಲ್ಲಿ `Keep with next paragraph` ಟಿಕ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಸಬ್‌ಹೆಡಿಂಗ್ ಪುಟದ ತಳದಲ್ಲಿ ಒಂಟಿಯಾಗಿ ಉಳಿದು, ಅದರ ಮ್ಯಾಟರ್ ಮುಂದಿನ ಪುಟಕ್ಕೆ ಹೋಗುತ್ತದೆ.

ಬೋಲ್ಡ್ ಬಗ್ಗೆ ಒಂದು ಎಚ್ಚರಿಕೆ. ಫಾಂಟ್‌ನಲ್ಲಿ ನಿಜವಾದ ಬೋಲ್ಡ್ ಇರಬೇಕು. ನೋಟೋ ಸೆರಿಫ್ ಕನ್ನಡದಲ್ಲಿ ಇದೆ. ಟಿರೋ ಕನ್ನಡ ತುಂಬಾ ಸುಂದರವಾದ ಫಾಂಟ್, ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಅಂಥದಕ್ಕೆ ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ಅಕ್ಷರದ ಸುತ್ತ ಮಸಿ ಬಳಿದ ಹಾಗೆ ದಪ್ಪ ಮಾಡುತ್ತದೆ, ಆಗ ಒತ್ತಿನ ಒಳಗಿನ ಸಣ್ಣ ತೂತುಗಳು ಮುಚ್ಚಿ ಹೋಗುತ್ತವೆ. "ಷ್ಣು" ಪ್ರಿಂಟ್ ಮಾಡಿ ನೋಡಿ, ಒತ್ತಿನ ಒಳಗೆ ಬಿಳಿ ಉಳಿದಿದೆಯೋ ಇಲ್ಲವೋ ಅಂತ ತಕ್ಷಣ ಗೊತ್ತಾಗುತ್ತದೆ. ಅಕ್ಷರಗಳ ಮಧ್ಯೆ ಜಾಗ ಎಳೆಯುವುದನ್ನೂ ಬಿಟ್ಟುಬಿಡಿ. ಹಾಗೆ ಎಳೆದ ಹೆಡಿಂಗ್ ಚೂರು ಚೂರಾಗಿ ಕಾಣುತ್ತದೆ.

ಇನ್ನು ಕ್ಯಾಪ್ಷನ್. `Caption` ಸ್ಟೈಲ್ ತೆರೆದ ತಕ್ಷಣ ಗಮನಿಸಿ, ಲಿಬ್ರೆಆಫೀಸ್ ಇದನ್ನು ಮೊದಲೇ ಇಟಾಲಿಕ್ ಮಾಡಿಟ್ಟಿರುತ್ತದೆ. `CTL` ಜಾಗದಲ್ಲೂ `Regular` ಮಾಡಿ. ಅಳತೆ 9, ಸಾಲಿನ ಅಂತರ 13. ಫಾಂಟ್ ಮಾತ್ರ ಬದಲಿಸಿ, ನೋಟೋ ಸ್ಯಾನ್ಸ್ ಕನ್ನಡ. ಮ್ಯಾಟರಿನ ಗೆರೆ ದಪ್ಪ ತೆಳು ಆಗುತ್ತಾ ಹೋಗುತ್ತದೆ, ಇದರದ್ದು ಹೆಚ್ಚುಕಡಿಮೆ ಒಂದೇ ಸಮ. ಅಳತೆ ಮಾತ್ರ ಚಿಕ್ಕದು ಮಾಡಿದರೆ 11ಕ್ಕೂ 9ಕ್ಕೂ ಇರುವ ವ್ಯತ್ಯಾಸ ದೊಡ್ಡಪ್ಪನಂಥವರ ಕಣ್ಣಿಗೆ ಸಾಲದು. ಗೆರೆಯ ಜಾತಿಯೂ ಬದಲಾದರೆ ಇದು ಬೇರೆ ಧ್ವನಿ ಅಂತ ತಿಳಿಯುತ್ತದೆ. 9ಕ್ಕಿಂತ ಕೆಳಗಿಳಿಸಬೇಡಿ, ಜೆರಾಕ್ಸ್ ಮಾಡಿದರೆ ಒತ್ತುಗಳು ಕಲೆಯಾಗಿಬಿಡುತ್ತವೆ. ತೆಳು ಬೂದು ಬಣ್ಣವನ್ನೂ ಕೊಡಬೇಡಿ, ಅದು ಪ್ರಿಂಟ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಮೇಲೆ 4 ಪಾಯಿಂಟ್ ಜಾಗ, ಕೆಳಗೆ 21. ಕ್ಯಾಪ್ಷನ್ ಚಿತ್ರಕ್ಕೆ ಅಂಟಿರಬೇಕು, ಮ್ಯಾಟರಿನಿಂದ ದೂರ ನಿಲ್ಲಬೇಕು. ನನ್ನ ಮೊದಲ ಪ್ರೂಫ್‌ನಲ್ಲಿ ಇದ್ದದ್ದು ಇದರ ಉಲ್ಟಾ.

ಪುಟ ಜೋಡಿಸೋಣ

ಎ5 ಎತ್ತರ 210 ಮಿ.ಮೀ. ಮೇಲೆ 19, ಕೆಳಗೆ 23 ಬಿಟ್ಟರೆ 168 ಮಿ.ಮೀ. ಉಳಿಯುತ್ತದೆ. ಪಾಯಿಂಟ್‌ನಲ್ಲಿ ಅದು 476, ಅಂದರೆ 17ರ ಅಂತರದ 28 ಸಾಲು. ಇನ್ನು ಮುಂದೆ ಎಲ್ಲವನ್ನೂ ಸಾಲಿನ ಲೆಕ್ಕದಲ್ಲೇ ಎಣಿಸಬಹುದು.

"ಬೇಲೂರಿನ ಚೆನ್ನಕೇಶವ" ಅನ್ನುವ ಹೆಡಿಂಗ್ ಒಂದೇ ಸಾಲು, 28 ಮತ್ತು 23 ಸೇರಿ 51, ಅಂದರೆ 3 ಸಾಲು. ಚಿತ್ರ 60 ಮಿ.ಮೀ. ಎತ್ತರ, ಅದು 10 ಸಾಲು. ಕ್ಯಾಪ್ಷನ್ನನ್ನು ಈ ಸಲ ಎರಡು ಸಾಲಿಗೆ ಬೆಳೆಸಿದೆ, 4, 26, 21 ಸೇರಿ ಮತ್ತೆ 51, 3 ಸಾಲು. ಸಬ್‌ಹೆಡಿಂಗ್ "ವಿಷ್ಣುವರ್ಧನನ ಕಾಲ" 2 ಸಾಲು. ಇಲ್ಲಿಗೆ 18. ಉಳಿದ 10 ಸಾಲು ಮ್ಯಾಟರಿಗೆ. ಚಿತ್ರ ಇದ್ದ ಸಾಲಿನಲ್ಲಿ ಒಂದೆರಡು ಪಾಯಿಂಟ್ ಹೆಚ್ಚಾಗಿ ಕೊನೆಯ ಸಾಲು ಮುಂದಿನ ಪುಟಕ್ಕೆ ಹೋದರೆ ಚಿತ್ರವನ್ನು 58 ಮಿ.ಮೀ.ಗೆ ಇಳಿಸಿ, ಸಾಲಿನ ಅಂತರ ಮಾತ್ರ ಮುಟ್ಟಬೇಡಿ.

ಚಿತ್ರಕ್ಕೆ ಒಂದು ಬೇರೆಯೇ ಸ್ಟೈಲ್ ಮಾಡಿ ಅದರ ಸಾಲಿನ ಅಂತರವನ್ನು `Single` ಇಡಬೇಕು. ಮ್ಯಾಟರಿನ ಸ್ಟೈಲ್‌ನಲ್ಲೇ ಚಿತ್ರ ಕೂರಿಸಿದರೆ 17 ಪಾಯಿಂಟ್ ಎತ್ತರದೊಳಗೆ ಅದನ್ನು ತುರುಕಿದ ಹಾಗಾಗುತ್ತದೆ. ವರ್ಡ್‌ನಲ್ಲಿ ಚಿತ್ರದ ಒಂದು ಪಟ್ಟಿ ಮಾತ್ರ ಕಾಣುತ್ತದೆ, ಉಳಿದದ್ದು ಮಾಯ. ಚಿತ್ರ ಕಳೆದುಹೋಯಿತು ಅಂತ ಗಾಬರಿಯಾಗುವವರಿಗೆ ಕಾರಣ ಇದೇ.

ಇದೇ ಮ್ಯಾಟರನ್ನು ಮೊಬೈಲ್‌ನಲ್ಲಿ ಓದುವ ಹಾಗೆ ವೆಬ್ ಪುಟಕ್ಕೂ ಹಾಕಿದೆವು. ಅಲ್ಲಿ ಲೆಕ್ಕ ಹೀಗಿದೆ.

```
body { font-size: 18px; line-height: 1.65; text-align: left; }
h2 { font-size: 1.3em; line-height: 1.4; margin: 1.6em 0 0.5em; }
figcaption { font-size: 0.85em; line-height: 1.5; font-style: normal; }
```

`line-height` ಮುಂದೆ `px` ಹಾಕಬೇಡಿ, ಬರೀ ಸಂಖ್ಯೆ ಸಾಕು. `px` ಹಾಕಿದರೆ ಆ ಅಳತೆಯೇ ಒಳಗಿನ ದೊಡ್ಡ ಅಕ್ಷರಕ್ಕೂ ಹೋಗಿ, ಬೇರೆ ಅಂತರ ಕೊಡದ ಹೆಡಿಂಗ್‌ಗಳ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ.

ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ

ಪ್ರಿಂಟ್ ಮಾಡುವಾಗ ಅಳತೆ 100% ಇರಲಿ. `Fit to page` ಇದ್ದರೆ ನೀವು ನೋಡುವುದು 11 ಪಾಯಿಂಟ್ ಅಲ್ಲವೇ ಅಲ್ಲ. ಕಾಗದವನ್ನು ತಲೆಕೆಳಗೆ ಹಿಡಿಯಿರಿ. ಆಗ ಓದಲು ಆಗುವುದಿಲ್ಲ, ಬರೀ ಕಪ್ಪು ಬಿಳಿ ಗುಂಪುಗಳು ಕಾಣುತ್ತವೆ. ಮೊದಲು ಹೆಡಿಂಗ್, ಆಮೇಲೆ ಚಿತ್ರ ಮತ್ತು ಅದಕ್ಕೆ ಅಂಟಿದ ಸಣ್ಣ ಗುಂಪು, ಆಮೇಲೆ ಸಬ್‌ಹೆಡಿಂಗ್ ಸಮೇತ ಮ್ಯಾಟರ್. ಮೂರು ಗುಂಪು ಎಣಿಸಲು ಆಗಬೇಕು. ಎರಡೇ ಕಂಡರೆ ಎಲ್ಲೋ ಜಾಗ ಸಾಲದು. ಐದಾರು ಕಂಡರೆ ಸಬ್‌ಹೆಡಿಂಗ್ ಕೆಳಗೋ ಪ್ಯಾರಾಗಳ ಮಧ್ಯೆಯೋ ಜಾಗ ಜಾಸ್ತಿ ಆಗಿದೆ.

ಆಮೇಲೆ ಪುಟವನ್ನು ಹೊಸಬರ ಕೈಗೆ ಕೊಟ್ಟು ಜೋರಾಗಿ ಓದಲು ಹೇಳಿ, ನೀವು ಏನೂ ಮಾತಾಡಬೇಡಿ. ಎರಡನೇ ಪ್ರೂಫನ್ನು ದೊಡ್ಡಪ್ಪನಿಗೇ ಕೊಟ್ಟೆ. ಹೆಡಿಂಗ್ ಓದಿ ಉಸಿರು ತೆಗೆದುಕೊಂಡರು. ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು, "ಕನ್ನಡಿ ಹಿಡಿದ ಮದನಿಕೆ" ಅಂತ ಮೆಲ್ಲಗೆ ಓದಿಕೊಂಡರು. ಆಮೇಲೆ ದನಿ ಏರಿಸಿ "ವಿಷ್ಣುವರ್ಧನನ ಕಾಲ" ಅಂತ ಶುರು ಮಾಡಿ ಪ್ಯಾರಾದ ಕೊನೆವರೆಗೂ ಎಲ್ಲೂ ನಿಲ್ಲಲಿಲ್ಲ.